ಎಲ್ಲೂ ಹೋಗದೆ ಮರಳಿ ಬಂದ ಗಿಟಾರ್

ನಾನೊಂದು ಎಲೆಕ್ಟ್ರಿಕ್ ಗಿಟಾರ್. ೧೯೬೮ರಲ್ಲಿ ಕಲ್ಕತ್ತೆಯ ಓಣಿಯೊಂದರ ಬಡಗಿ ನನ್ನನ್ನು ಹಲಗೆಯಿಂದ ಕೊರೆದು ತೆಗೆದ. ತಂತಿಯ ನಡುಕ ಹಿಡಿಯುವ ಪಿಕಪ್ ಒಂದನ್ನು ಎದೆಗೆ ಕೂರಿಸಿದ. ನನಗೆ ಓದು ಬರಹವಿಲ್ಲ. ಕೇಳಿದ್ದನ್ನು ಮಾತ್ರ ಮರೆತಿಲ್ಲ.

ಬೆಂಗಳೂರಿನ ಫ್ರೇಜರ್ ಟೌನಿನ ಸುಂದರರಾಜ್ ನನ್ನನ್ನು ಕೊಂಡರು. ಅವರ ಬಳಿ ಸದ್ದು ಹಿಗ್ಗಿಸುವ ಆಂಪ್ಲಿಫೈಯರ್ ಇರಲಿಲ್ಲ. ಮನೆಯ ವಾಲ್ವ್ ರೇಡಿಯೋದ ಬೆನ್ನಿನಲ್ಲಿ ಗ್ರಾಮಫೋನ್ ವೈರ್ ಸಿಕ್ಕಿಸುವ ತೂತೊಂದಿತ್ತು. ಅದಕ್ಕೆ ನನ್ನ ವೈರ್ ತುರುಕಿ, ಸದ್ದಿನ ಗುಂಡಿಯನ್ನು ಪೂರ್ತಿ ತಿರುಗಿಸುತ್ತಿದ್ದರು. ರೇಡಿಯೋದೊಳಗಿನ ಗಾಜಿನ ವಾಲ್ವಿಗೆ ತಾಳಲಾಗದೆ ನನ್ನ ದನಿಯ ಅಂಚು ಹರಿದು ಗೊರಗೊರ ಎನ್ನುತ್ತಿತ್ತು. ಆ ಹರಿದ ದನಿಗೇ ಜನ ಕುಣಿದರು. ಸುಂದರರಾಜರಿಗೆ ಕೈ ನಡುಕ ಬಂದ ಮೇಲೆ ನಾನು ಬೀರುವಿನ ಮೇಲೆ ಮಲಗಿದೆ.

ಮೂವತ್ತು ವರ್ಷದ ಮೇಲೆ ಮೊಮ್ಮಗ ಸ್ಟ್ಯಾನ್ಲಿ ನನ್ನನ್ನು ಇಳಿಸಿದ. ಆಗ ಕಾಲೇಜುಗಳಲ್ಲೆಲ್ಲ ನು ಮೆಟಲ್ ಎಂಬ ಹೊಸ ಅಬ್ಬರದ ರಾಕ್ ಸಂಗೀತ. ಹಾಡುವವನು ಅರ್ಧ ಮಾತಾಡುತ್ತಿದ್ದ, ಅರ್ಧ ಕಿರುಚುತ್ತಿದ್ದ. ಪಕ್ಕದಲ್ಲೊಬ್ಬ ತಿರುಗುವ ರೆಕಾರ್ಡನ್ನು ಬೆರಳಲ್ಲಿ ಕೆರೆದು ಸದ್ದು ಮಾಡುತ್ತಿದ್ದ. ಗಿಟಾರ್ ಇತ್ತು, ಆದರೆ ಏಳು ತಂತಿಯದು, ಪಾತಾಳಕ್ಕೆ ಇಳಿಸಿದ ಶ್ರುತಿಯದು. ನೆಲ ನಡುಗಿಸುವುದಷ್ಟೇ ಅದರ ಕೆಲಸ. ಸ್ಟ್ಯಾನ್ಲಿ ನನ್ನ ತೆಳು ತಂತಿಗಳನ್ನೂ ಅಷ್ಟೇ ಕೆಳಗಿಳಿಸಿದ. ಅವು ಬಟ್ಟೆ ಒಣಹಾಕುವ ದಾರದಂತೆ ಜೋತು ಪಟಪಟ ಬಡಿದವು. “ಥೂ, ತಾತನ ಡಬ್ಬಾ!” ಎಂದು ಮತ್ತೆ ಮೇಲಕ್ಕೆಸೆದ. ಸಡಿಲಿಸಿದವನು ಅವನು, ಡಬ್ಬಾ ನಾನು! ಆ ಸಿಟ್ಟು ಇನ್ನೂ ಇಳಿದಿಲ್ಲ.

೨೦೦೨ರಲ್ಲಿ ಅವನ ತಂಗಿ ಜೆಸಿಂತಾ ಗೆಳತಿಯಿಂದ ಒಂದಷ್ಟು ಸಿಡಿ ತಂದಳು. ನ್ಯೂಯಾರ್ಕ್, ಡೆಟ್ರಾಯಿಟ್, ಸ್ವೀಡನ್ನಿನ ಹೊಸ ತಂಡಗಳವು. ಎಲ್ಲರೂ ಒಂದೇ ಕೋಣೆಯಲ್ಲಿ ನಿಂತು, ಒಂದೆರಡು ಸಲದಲ್ಲೇ ನುಡಿಸಿ ಮುಗಿಸಿದ ಹಾಡುಗಳು. ಮೂರು ನಿಮಿಷದೊಳಗೆ ಮುಕ್ತಾಯ. ಒಂದು ಗಿಟಾರ್ ತಂತಿಯನ್ನು ಕೆಳಮುಖವಾಗಿ ಒಂದೇ ಸಮ ಬಡಿಯುತ್ತದೆ, ಇನ್ನೊಂದು ಅದರ ಮೇಲೆ ಚಿಕ್ಕದೊಂದು ರಾಗ ಹೊಸೆಯುತ್ತದೆ. ನಡುವೆ ಗಾಳಿಯಾಡಲು ಜಾಗ. ಕೇಳಿದ ಸುಂದರರಾಜ್ ಕುರ್ಚಿಯಿಂದ ಎದ್ದೇಬಿಟ್ಟರು.

“ಇದು ನಮ್ ರೇಡಿಯೋ ಸದ್ದಲ್ವೇನೇ?”

“ಹೂಂ ತಾತ. ರೇಡಿಯೋ ಇನ್ನೂ ಇದ್ಯಾ?”

ಇತ್ತು. ನನ್ನ ಶ್ರುತಿ ಮೊದಲಿನ ಜಾಗಕ್ಕೆ ಏರಿತು. ಜೆಸಿಂತಾ, ಡ್ರಮ್ಸಿನ ಫರ್ಹಾನಾ, ಜೊತೆಗೆ ಬೇಸ್ ನುಡಿಸುವ ಗೆಳತಿ, ಮೂವರೂ ಕಾರ್ ಷೆಡ್ಡಿನಲ್ಲಿ ತಿಂಗಳುಗಟ್ಟಲೆ ನುಡಿಸಿದರು. ಕಾಲೇಜಿನ ಸ್ಪರ್ಧೆಯಲ್ಲಿ ಒಂದೇ ಒಂದು ಸಲ ನನ್ನ ದನಿ ಇದ್ದ ಹಾಗೆ ಕೇಳಬೇಕು, ಅಷ್ಟೇ ಅವಳ ಹಟ. ತಾತ ಮುಂದಿನ ಸಾಲಿನಲ್ಲಿ ಕೂತಿದ್ದರು.

ಸೌಂಡಿನ ಪುಟ್ಟರಾಜು ದನಿಗಳನ್ನು ಹದಮಾಡುವ ಮಿಕ್ಸರ್ ಮೇಲೆ ಕೆಂಪು ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿಟ್ಟಿದ್ದ. ಯಾವ ತಂಡ ಬಂದರೂ ಅದೇ ಗುರುತು: ತಗ್ಗು ದನಿಯ ಬೇಸ್ ಮೇಲೆ, ಚೂಪು ದನಿಯ ಟ್ರೆಬಲ್ ಮೇಲೆ, ನಡುವಿನ ದನಿಯ ಮಿಡ್ ಸೊನ್ನೆ.

ಜೆಸಿಂತಾ ವೇದಿಕೆಗೆ ರೇಡಿಯೋ ಹೊತ್ತು ತಂದದ್ದು ನೋಡಿ ಅವನು ನಕ್ಕ. “ಏನಮ್ಮ, ಆಕಾಶವಾಣಿ ಕೇಳಕ್ ಬಂದಿದ್ದೀರಾ?”

“ಇದೇ ನಮ್ ಆಂಪ್ ಅಣ್ಣ. ಮುಂದೆ ಒಂದು ಮೈಕ್ ಇಡಿ ಸಾಕು.”

“ಸ್ಪೀಕರ್ ಹರ್ದೋಗಿದೆ, ಗೊರಗೊರ ಅಂತೈತೆ.”

“ಅದು ಹಂಗೇ ಬೇಕು.”

“ಸುಮ್ನಿರಮ್ಮ, ಸರಿ ಮಾಡ್ಕೊಡ್ತೀನಿ.”

ಸರಿ ಮಾಡಿದ! ನನ್ನ ದನಿ ಇರುವುದೇ ನಡುವಿನಲ್ಲಿ. ಅದನ್ನೇ ಕಿತ್ತ ಮೇಲೆ ಬೇಸಿಗೂ ಡ್ರಮ್ಸಿನ ಸಿಂಬಲ್ ತಟ್ಟೆಗೂ ಮಧ್ಯೆ ನಾನು ಕಾಣೆಯಾದೆ. ಜೆಸಿಂತಾ ಹಾಡು ನಿಲ್ಲಿಸಿದಳು. ನನ್ನನ್ನು ಹೆಗಲಲ್ಲಿಟ್ಟುಕೊಂಡೇ ವೈರ್ ಕಿತ್ತು, ವೇದಿಕೆಯಿಂದ ಧುಮುಕಿದಳು.

“ಮಿಡ್ ಕೊಡಿ.”

“ಕಿವಿ ಚುಚ್ತದಮ್ಮ!”

“ಚುಚ್ಲಿ.”

ತಾನೇ ಗುಂಡಿ ತಿರುಗಿಸಿ ಮರಳಿದಳು. ಆಮೇಲಿನ ಎರಡೂವರೆ ನಿಮಿಷ ನಾನು ಕೂಗಿದೆ. ಹಿಂದಿನ ಬೆಂಚುಗಳು ಎದ್ದವು. ತಾತನ ನಡುಗುವ ಕೈ ತಾಳ ತಪ್ಪಲಿಲ್ಲ. ಮಿಕ್ಸರ್ ಮುಟ್ಟಿದ್ದಕ್ಕೆ ತಂಡವನ್ನು ಹೊರಗಿಟ್ಟರು. ತೀರ್ಪುಗಾರ ಮೈಕಿನಲ್ಲೇ ಹೇಳಿದ: “ಹುಡುಗೀರು ಮೊದ್ಲು ಗಿಟಾರ್ ರಿಪೇರಿ ಮಾಡಿಸ್ಕೊಂಡ್ ಬರ್ಲಿ.”

ಮೂರು ವರ್ಷ ಕಳೆಯಿತು. ಅದೇ ಕಾಲೇಜಿನ ಗೋಡೆಯ ಮೇಲೆ ಪೋಸ್ಟರ್ ಬಿದ್ದಿದೆ ಎಂದು ಸ್ಟ್ಯಾನ್ಲಿ ಹೇಳಿದ್ದು ಕೇಳಿಸಿತು: ‘ಗಿಟಾರ್ ಮರಳಿ ಬಂದಿದೆ!’ ಹುಡುಗರೆಲ್ಲ ನು ಮೆಟಲ್ ಕಾಲದ ಸಡಿಲ ಚಡ್ಡಿ ಬಿಟ್ಟು, ಆ ಸಿಡಿಯ ತಂಡಗಳಂತೆ ಬಿಗಿ ಪ್ಯಾಂಟು, ತೆಳು ಟೈ ಹಾಕಿದರು. ಮರಳಿ ಬರುವುದಕ್ಕೆ ನಾನು ಎಲ್ಲಿಗೆ ಹೋಗಿದ್ದೆ? ಬೀರುವಿನ ಮೇಲೇ ಇದ್ದೆನಲ್ಲ!

ತಾತ ತೀರಿಕೊಂಡಿದ್ದರು, ಜೆಸಿಂತಾ ಪುಣೆಯಲ್ಲಿ ಓದುತ್ತಿದ್ದಳು. ಸ್ಟ್ಯಾನ್ಲಿ ಯಾರನ್ನೂ ಕೇಳದೆ ನನ್ನನ್ನು ಗೆಳೆಯನ ಪಬ್ಬಿಗೆ ಕೊಟ್ಟ. “ಹಳೇ ಪೀಸು ಮಗಾ, ಗೋಡೆಗೆ ಲುಕ್ ಬರುತ್ತೆ.” ತಂತಿ ಬಿಚ್ಚಿ, ಮೈಗೆ ಸ್ಕ್ರೂ ಕೊರೆದು ಗೋಡೆಗೆ ಬಿಗಿದರು. ಕೆಳಗೆ ನಿಂತು ಜನ ಫೋಟೊ ತೆಗೆಸಿಕೊಂಡರು. ನನ್ನ ಹೆಸರಿನ ಹಬ್ಬದಲ್ಲಿ ನಾನೊಬ್ಬನೇ ಮೂಕ.

ರಜೆಗೆ ಬಂದ ಜೆಸಿಂತಾ ಒಂದು ಮಧ್ಯಾಹ್ನ ಪಬ್ಬಿನೊಳಗೆ ಬಂದು, ಸ್ಟೂಲ್ ಎಳೆದು ಹತ್ತಿದಳು. ಬ್ಯಾಗಿನಲ್ಲಿ ತಾತನ ಸ್ಕ್ರೂಡ್ರೈವರ್ ಇತ್ತು.

“ಮೇಡಂ, ಅದು ಡೆಕೊರೇಷನ್ನು!” ಎಂದು ಪಬ್ಬಿನ ಹುಡುಗ ಓಡಿ ಬಂದ.

“ಅಲ್ಲ ಕಣ್ರೀ. ಅದು ನಮ್ ತಾತಂದು.”

ಈಗ ನನಗೆ ವಯಸ್ಸಾಗಿದೆ. ಅವಳ ಕೋಣೆಯ ಮೂಲೆಯಲ್ಲಿ ರೇಡಿಯೋಗೆ ಒರಗಿ ನಿಂತಿದ್ದೇನೆ. ಸ್ಕ್ರೂ ಕೊರೆದ ತೂತು ಹಾಗೇ ಇದೆ, ಅದರ ಸುತ್ತ ಮರ ಸೀಳಿ, ನುಡಿಸಿದಾಗಲೆಲ್ಲ ಝಿರ್ ಎನ್ನುತ್ತದೆ. ಮುಚ್ಚಿಸಿಕೊಡಲೇ ಎಂದು ಸ್ಟ್ಯಾನ್ಲಿ ಮೊನ್ನೆ ಕೇಳಿದ.

“ಬೇಡ ಕಣೋ,” ಎಂದಳು ಜೆಸಿಂತಾ. “ನೀವೆಲ್ಲ ಮಾಡಿದ್ದೂ ಇದರ ದನೀಲಿ ಕೇಳಿಸ್ಲಿ.”