ಬ್ಯಾಂಕು ಮುರಿದುಕೊಂಡ ಎರಡು ಸಾವಿರ

ಯೆರವಡಾದ ತಗಡಿನ ಶೆಡ್ಡುಗಳ ನಡುವೆ ಹುಲಿಗೆಪ್ಪನಷ್ಟು ಬ್ಯಾಂಕು ಬಲ್ಲವರು ಇನ್ನೊಬ್ಬರಿಲ್ಲ ಎಂದು ಹುಲಿಗೆಪ್ಪನೇ ಹೇಳುತ್ತಿದ್ದ. ಅವನು ವಿಮಾನ ನಗರದ ಕಟ್ಟಡದ ಕೆಲಸಕ್ಕೆ ಊರ ಕಡೆಯ ಒಂಬತ್ತು ಹೆಂಗಸರನ್ನು ತಂದ ಮುಕಾದಮ. ಕಂಪನಿ ಪಗಾರವನ್ನು ನೇರ ಅವರವರ ಖಾತೆಗೆ ಹಾಕತೊಡಗಿದ ದಿನವೇ ಒಂಬತ್ತೂ ಏಟಿಎಂ ಕಾರ್ಡುಗಳನ್ನು, ಕಳೆದಾವು ಎಂಬ ಕಾಳಜಿಯಿಂದ, ರಬ್ಬರ್ ಬ್ಯಾಂಡ್ ಹಾಕಿ ತನ್ನ ಕಿಸೆಯಲ್ಲಿಟ್ಟುಕೊಂಡಿದ್ದ. ಪಿನ್ ನಂಬರುಗಳೂ ಅವನ ತಲೆಯಲ್ಲೇ ಭದ್ರವಾಗಿದ್ದವು. ಐದನೇ ತಾರೀಖು ಪಗಾರ ಬೀಳುತ್ತಿತ್ತು. ಆರಕ್ಕೆ ಹುಲಿಗೆಪ್ಪ ಅದನ್ನು ತೆಗೆದು ತಲಾ ಹನ್ನೊಂದೂವರೆ ಸಾವಿರ ಹಂಚುತ್ತಿದ್ದ. ಪಗಾರ ಹದಿಮೂರೂವರೆಯಲ್ಲವೇ ಎಂದರೆ, "ಎರಡು ಸಾವಿರ ಬ್ಯಾಂಕಿನವ್ರು ಮುರ್ಕೊಂತಾರ. ಚಾರ್ಜ್, ಜಿಎಸ್‌ಟಿ. ನನ್ನ ಕೈಯಾಗ ಏನದ?" ಎನ್ನುತ್ತಿದ್ದ. ಎಂಟು ತಿಂಗಳಿಂದ ಒಂಬತ್ತು ಹೆಂಗಸರು ಬ್ಯಾಂಕಿಗೆ ಶಾಪ ಹಾಕುತ್ತಿದ್ದರು.

ಜುಲೈ ಆರು, ಭಾನುವಾರ. ಎಂಟು ಜನರ ಕೈಗೆ ನೋಟು ಬಂತು. ಯಂಕವ್ವನ ಸರದಿಯಲ್ಲಿ ಅವನು ತಲೆ ಅಲ್ಲಾಡಿಸಿದ.

"ನಿನ್ನ ಕಾರ್ಡ್ ಮಷೀನ್ ಒಪ್ಪಲಿಲ್ಲ ನೋಡವ್ವ. ಬ್ಯಾಂಕಿನ ಕಾರಭಾರ. ಬುಧವಾರ ನೋಡೂಣು."

ಯಂಕವ್ವನ ಮಗಳು ಆರತಿಯ ಹಾಸ್ಟೆಲಿಗೆ ಗುರುವಾರದೊಳಗೆ ಎರಡು ಸಾವಿರ ಹೆಚ್ಚಿಗೆ ಕಟ್ಟಬೇಕು, ಇಲ್ಲದಿದ್ದರೆ ಜಾಗ ಬೇರೆಯವರಿಗೆ. ಯಂಕವ್ವ ಸೆರಗಿನಿಂದ ಮಡಿಚಿದ ಕಾಗದ ತೆಗೆದಳು. ಜೂನ್ ತಿಂಗಳ ಖಾತೆ ವಿವರ. ನಿನ್ನೆ ಬ್ಯಾಂಕಿನಲ್ಲಿ ಮುದ್ರಿಸಿಕೊಟ್ಟದ್ದು.

"ಇದನ್ನ ಓದ್ರಿ ಅಣ್ಣಾರ. ಎರಡು ಸಾವಿರ ಎಲ್ಲಿ ಕಡಿದಾರ, ಬೊಟ್ಟಿಟ್ಟು ತೋರಸ್ರಿ."

ಹುಲಿಗೆಪ್ಪನಿಗೆ ಸಭೆ ಸಿಕ್ಕರೆ ಸಾಕು. ಚಸ್ಮಾ ಏರಿಸಿದ. "ಇದೆಲ್ಲಾ ಇಂಗ್ಲಿಷ್. ನಿನಗ ತಿಳಿಯೂದಲ್ಲ. ಇಲ್ಲಿ ನೋಡು, ಮೂರು ಸಾವಿರದ ಐನೂರು ಕಡಿತ. ಅದರಾಗ ಎರಡು ಸಾವಿರ ಚಾರ್ಜ್."

"ಇಂಗ್ಲಿಷ್ ಬರಂಗಿಲ್ರಿ. ಅಂಕಿ ಬರ್ತಾವ." ಬ್ಯಾಂಕಿನ ಕೌಂಟರಿನ ಹೆಂಗಸು ಮರಾಠಿಯಲ್ಲಿ ಹೇಳಿಕೊಟ್ಟದ್ದು ಮೂರೇ ಮಾತು: ವಜಾ, ಜಮಾ, ಶಿಲ್ಲಕ. ಮೊದಲ ಕಾಲಂ ಹೋದದ್ದು, ಎರಡನೆಯದು ಬಂದದ್ದು, ಮೂರನೆಯದು ಆಮೇಲೆ ಉಳಿದದ್ದು. ಮೇಲಿನ ಶಿಲ್ಲಕಿಗೆ ಜಮಾ ಕೂಡಿಸು, ವಜಾ ಕಳೆ. ಕೆಳಗಿನ ಶಿಲ್ಲಕು ಬರಲೇಬೇಕು. ಒಂದೊಂದು ಸಾಲು ಯಾತರದ್ದು ಎಂಬುದನ್ನೂ ಆಕೆಯೇ ಓದಿ ಹೇಳಿದ್ದಳು.

ಯಂಕವ್ವ ಬೆರಳಿಟ್ಟಳು. "ತಿಂಗಳು ಸುರುವಿಗೆ ಆರನೂರಾ ನಲವತ್ತು. ಐದಕ್ಕ ಜಮಾ ಹದಿಮೂರೂವರಿ ಸಾವಿರ. ಆತು ಹದಿನಾಲ್ಕು ಸಾವಿರದ ನೂರಾ ನಲವತ್ತು. ಆರಕ್ಕ ಹತ್ತು ಸಾವಿರ ಹೋತು, ನಾಲ್ಕು ಸಾವಿರದ ನೂರಾ ನಲವತ್ತು ಉಳೀತು. ಅವತ್ತೇ ಮೂರೂವರಿ ಸಾವಿರ ಹೋತು, ಮತ್ತ ಆರನೂರಾ ನಲವತ್ತು. ಎರಡೂ ಏಟಿಎಂದಿಂದ ತೆಗೆದದ್ದು."

"ಅದಽ ಅಂದೆ, ಮೂರೂವರಿಯಾಗ ಚಾರ್ಜ್..."

"ತಮ್ಮ ಚಾರ್ಜ್ ತಗೊಳ್ಳಾಕ ಬ್ಯಾಂಕಿನವ್ರು ಏಟಿಎಂ ಮುಂದ ಪಾಳಿ ಹಚ್ಚತಾರೇನ್ರಿ?"

ನೋಟು ಪಡೆದ ಎಂಟು ಜನರಲ್ಲಿ ಒಬ್ಬಳಾದ ಶಿವಕಾಂತಾ ಬಾಯಿಗೆ ಸೆರಗು ಒತ್ತಿಕೊಂಡರೂ ನಗು ಹೊರಗೆ ಬಂತು. ಆಮೇಲೆ ತನ್ನ ಕೈಯ ನೋಟು ಎಣಿಸಿದಳು, ನಗು ನಿಂತಿತು.

"ಬ್ಯಾಂಕಿನವ್ರು ಮುರಿದದ್ದು ಇಲ್ಲಿ ಅದ, ತಿಂಗಳ ಕೊನೀಗೆ," ಯಂಕವ್ವನ ಬೆರಳು ಇಳಿಯಿತು. "ಮೆಸೇಜ್ ಕಳಸಾಕ ಮೂರು ತಿಂಗಳಿಗೆ ಹದಿನೇಳು ರೂಪಾಯಿ ಎಪ್ಪತ್ತು ಪೈಸೆ, ಜಿಎಸ್‌ಟಿ ಹಿಡಿದು. ಮತ್ತ ಮೂವತ್ತಕ್ಕ ಬಡ್ಡಿ ಅಂತ ಏಳು ರೂಪಾಯಿ ಅವ್ರೇ ಕೊಟ್ಟಾರ. ಕಡೇ ಶಿಲ್ಲಕು ಆರನೂರಾ ಇಪ್ಪತ್ತೊಂಬತ್ತು ರೂಪಾಯಿ ಮೂವತ್ತು ಪೈಸೆ. ನೀವೇನು ಬಡ್ಡಿ ಕೊಟ್ಟೀರಿ ಅಣ್ಣಾರ?"

ಹುಲಿಗೆಪ್ಪ ಕಾಗದವನ್ನು ತಿರುಗಿಸಿ ಹಿಂಬದಿ ನೋಡಿದ. ಹಿಂಬದಿ ಖಾಲಿಯಿತ್ತು.

"ನಿಮ್ಮನ್ನ ಕರ್ಕೊಂಡು ಬಂದವ ಯಾರು?" ಎಂದು ದನಿ ಏರಿಸಿದ. ಎಂಟು ಹೆಂಗಸರು ಎದ್ದು ನಿಂತಿದ್ದರು. ದನಿ ಇಳಿಯಿತು. ಕಿಸೆಯಿಂದ ನಾಲ್ಕು ಐನೂರರ ನೋಟು ತೆಗೆದ. "ಹೋಗಲಿ ಬಿಡವ್ವ. ಆರತಿ ನನ್ನ ಮಗಳಿದ್ದಂಗ. ಬಹುಮಾನ ಅಂತ ಇಟ್ಕೋ. ನಿನ್ನ ಕಾರ್ಡೂ ತಗೋ."

"ಕಾರ್ಡ್ ನೀವೇ ಇಟ್ಕೋರಿ. ನಿನ್ನೆ ಬಂದ್ ಮಾಡಿಸೀನಿ, ಅದಕ್ಕಽ ಮಷೀನ್ ಒಪ್ಪಿಲ್ಲ. ಈ ತಿಂಗಳ ಪಗಾರ ಪೂರಾ ಖಾತೇದಾಗಽ ಅದ, ನಾಳೆ ಪಾಸ್‌ಬುಕ್ ಒಯ್ದು ತಗೊಂತೀನಿ. ಹೊಸ ಕಾರ್ಡ್ ನನ್ನ ಕೈಗೇ ಬರ್ತದ." ನೋಟಿನತ್ತ ಅವಳು ಕೈ ಚಾಚಲಿಲ್ಲ. "ಇದನ್ನ ಕೈಯಾಗ ಕೊಡಬ್ಯಾಡ್ರಿ. ಫೋನಿನಿಂದ ಖಾತೆಗೆ ಹಾಕ್ರಿ. ನಂಬರ್ ಕಾಗದದ ಮ್ಯಾಲೇ ಅದ."

"ಯಾಕ, ನನ್ನ ನೋಟು ಖೋಟಾ ಏನ?"

"ನೋಟಿನ ಮ್ಯಾಲ ನಿಮ್ಮ ಹೆಸರು ಇರಂಗಿಲ್ರಿ."

ಎಲ್ಲರೂ ನೋಡುತ್ತಿರುವಾಗ ಹುಲಿಗೆಪ್ಪ ನಂಬರನ್ನು ಎರಡು ಸಲ ತಪ್ಪು ಒತ್ತಿದ. ಮೂರನೆಯ ಸಲ ಹಣ ಹೋಯಿತು. ಯಂಕವ್ವನ ಫೋನು ಗುಂಯ್‌ಗುಟ್ಟಿತು. ಜಮಾ ಎರಡು ಸಾವಿರ.

"ಇದು ಜೂನ್ ತಿಂಗಳದ್ದು," ಎಂದು ಅವಳು ಕಾಗದ ಮಡಿಚಿದಳು. "ಹಿಂದಿನವ್ಕ ನಾಳೆ ಪ್ರಿಂಟ್ ತಗೊಂಡು ಬರ್ತೀನಿ."

"ನಂದೂ ತಗಸು ಯಕ್ಕಾ," ಎಂದಳು ಶಿವಕಾಂತಾ, ಹುಲಿಗೆಪ್ಪನ ಕಿಸೆಯತ್ತ ಕೈ ಚಾಚುತ್ತ. "ಮದ್ಲ ನನ್ನ ಕಾರ್ಡ್ ಕೊಡ್ರಿ."

ರಬ್ಬರ್ ಬ್ಯಾಂಡ್ ಬಿಚ್ಚಲು ಅವನಿಗೆ ಬಹಳ ಹೊತ್ತು ಹಿಡಿಯಿತು.