ಹನ್ನೊಂದನ್ನು ಹದಿನಾರು ಮಾಡಿದವರಿಗೆ

ಸ್ಟಡಿ ಗ್ರೂಪಿನ ಗೆಳೆಯರೇ,

ನಿನ್ನೆ ಲ್ಯಾಬಿನ ಗಾಜಿನ ಕಾಲುವೆಯಲ್ಲಿ ಜೋರಾಗಿ ಹರಿಯುತ್ತಿದ್ದ ನೀರು ಥಟ್ಟನೆ ಮೇಲಕ್ಕೆ ಜಿಗಿದು ನೊರೆಯೆದ್ದಿತಲ್ಲ, ಅಲ್ಲಿ ಆಳ ಅಳೆದವಳು ನಾನು. ಜಿಗಿತಕ್ಕೆ ಮುಂಚೆ ಮೂರು ಸೆಂಟಿಮೀಟರ್, ಆಮೇಲೆ ಹನ್ನೊಂದು. ಇವತ್ತು ರೆಕಾರ್ಡ್ ಬಿಚ್ಚಿದರೆ ಹನ್ನೊಂದನ್ನು ಅಳಿಸಿ ಹದಿನಾರು ಬರೆದಿದೆ!

"ಎನರ್ಜಿ ಸಮೀಕರಣದಲ್ಲಿ ಹದಿನಾರೇ ಬರೋದು. ನೀನು ಸರಿಯಾಗಿ ಅಳೆದಿಲ್ಲ ಬಿಡು," ಎಂದರು ನಮ್ಮ ಗುಂಪಿನ ಪಂಡಿತರು. ನೀವೆಲ್ಲ ಕೋಲೆ ಬಸವನ ಹಾಗೆ ತಲೆ ಆಡಿಸಿದಿರಿ.

ಪಂಡಿತರೇ, ಆ ನೊರೆ ಪುಕ್ಕಟೆ ಎದ್ದಿತೇ? ನೀರು ಸುತ್ತಿ ಸುಳಿದು ಶಕ್ತಿ ಕಳೆದುಕೊಂಡಿದ್ದೇ ಅಲ್ಲಿ. ಎಷ್ಟು ಕಳೆಯಿತೆಂದು ಗೊತ್ತಿಲ್ಲದೆ ಎರಡೂ ಕಡೆ ಎನರ್ಜಿ ಸಮ ಎನ್ನುವುದು ಯಾವ ನ್ಯಾಯ? ಬಂದಷ್ಟೇ ನೀರು ಹೋಗಬೇಕೆನ್ನುವ ಕಂಟಿನ್ಯೂಯಿಟಿ ಆಳಕ್ಕೆ ತಕ್ಕ ವೇಗ ಹೇಳುತ್ತದೆ, ಅಷ್ಟೇ. ಆಳವೇ ಬೇಕಿದ್ದರೆ ಅದರ ಜೊತೆ ಮೊಮೆಂಟಮ್, ಅಂದರೆ ಬಲದ ಲೆಕ್ಕ, ಹಾಕಬೇಕು. ಅದಕ್ಕೆ ಜಿಗಿತದ ಎರಡು ತುದಿಗಳ ಒತ್ತಡದ ಬಲ ಸಾಕು. ನಡುವೆ ಎಷ್ಟು ಶಕ್ತಿ ಹೋಯಿತೆಂದು ಅದು ಕೇಳುವುದೇ ಇಲ್ಲ. ಹಾಕಿ ನೋಡಿದೆ, ಹನ್ನೊಂದು ಚಿಲ್ಲರೆ ಬಂತು.

ನನ್ನ ಮಾತು ರುಚಿಸದಿದ್ದರೆ ಲ್ಯಾಬ್ ನೋಡಿಕೊಳ್ಳುವ ಅಣ್ಣನನ್ನು ಕೇಳಿ. ನಿಮ್ಮ ಹದಿನಾರನ್ನು ಅವರಿಗೆ ತೋರಿಸಿದೆ. ಅವರು ಸ್ಕೇಲ್ ತಂದು ಕಾಲುವೆಯ ಗಾಜಿಗೆ ಹಿಡಿದರು. ಗಾಜಿನ ಎತ್ತರ ಹದಿನೈದು ಸೆಂಟಿಮೀಟರ್.

"ಹದಿನಾರು ಬಂದಿತ್ತಾ?" ಎಂದರು. "ಹಾಗಾದ್ರೆ ನಿನ್ನೆ ನೆಲ ಒರೆಸಿದ್ದು ಯಾರಮ್ಮಾ?"