ಅಂಟಿಸಿ ಓದಿದ ಸಾಲು

ಅಕ್ಕನಿಗೆ ಕಣ್ಣು ಹೋದ ಮೇಲೂ ಕೆಲಸ ನಿಂತಿರಲಿಲ್ಲ. ಕಾಲೇಜಿನಲ್ಲಿ ಹಳಗನ್ನಡ ಹೇಳಿಕೊಟ್ಟು ನಿವೃತ್ತಳಾದವಳು ಅವಳು. ಪುಸ್ತಕ ಪ್ರಕಟಿಸುವವರು ಅವಳ ಕೈಗೆ ಕೊಟ್ಟದ್ದು ಯಾರೋ ಒಬ್ಬ ಭಕ್ತ ಬರೆದ, ಅಚ್ಚೇ ಆಗದ ಕಾವ್ಯ. ಓಲೆಗರಿಯಲ್ಲಿ ಪದಗಳ ನಡುವೆ ಬಿಡುವಿರುವುದಿಲ್ಲ. ಅಕ್ಷರಗಳು ಒಂದರ ಹೆಗಲ ಮೇಲೆ ಇನ್ನೊಂದು ಕೈಯಿಟ್ಟುಕೊಂಡು ಸಾಲಿನ ತುದಿಯವರೆಗೂ ನಡೆದುಬಿಡುತ್ತವೆ. ಸಂಧಿಯಾದಲ್ಲಿ ಸ್ವರವೊಂದು ಕಾಣೆಯಾಗಿರುತ್ತದೆ, ಇಲ್ಲವೇ ಕರೆಯದೆಯೇ ಒಂದು ಯಕಾರವೋ ವಕಾರವೋ ನಡುವೆ ಬಂದು ಕೂತಿರುತ್ತದೆ. ಎಲ್ಲಿ ಒಂದು ಮಾತು ಮುಗಿದು ಇನ್ನೊಂದು ಹುಟ್ಟಿತು ಎಂದು ಬಿಡಿಸಿ ಹೇಳುವುದು ಅವಳ ಪಾಲಿನ ಸೇವೆ.

ಓದುವವನು ತಮ್ಮ. ಬಟ್ಟೆ ಅಂಗಡಿಯಲ್ಲಿ ಜೀವ ಸವೆಸಿದವನು, ಹಳಗನ್ನಡದ ಗಂಧಗಾಳಿ ಇಲ್ಲ. ಅದೇ ಒಳ್ಳೆಯದಾಯಿತು ಎಂದುಕೊಂಡಿದ್ದಳು ಅಕ್ಕ. ಅರ್ಥ ಗೊತ್ತಿಲ್ಲದವನು ಇದ್ದದ್ದನ್ನು ಇದ್ದ ಹಾಗೇ ಓದುತ್ತಾನೆ. ಓಲೆಗಳ ಫೋಟೊ ತೆಗೆದು ದೊಡ್ಡದು ಮಾಡಿದ ಚಿತ್ರಗಳನ್ನು ಮುಂದಿಟ್ಟುಕೊಂಡು ಅವನು ಪದದ ಹೊಟ್ಟೆಯಲ್ಲೇ ಉಸಿರು ಬಿಡುತ್ತಿದ್ದ, ಕತ್ತಲಲ್ಲಿ ಮೆಟ್ಟಿಲಿಳಿಯುವವನಂತೆ ಮುಗ್ಗರಿಸುತ್ತಿದ್ದ. ಅವಳು ದೇವರನ್ನು ನೆನೆದು, ಕೇಳಿ, ಬಿಡಿಸಿ ಹೇಳಿದರೆ ಅವನು ಬರೆದುಕೊಳ್ಳುತ್ತಿದ್ದ.

ಈಚೆಗೆ ಮುಗ್ಗರಿಸುವುದು ಕಡಿಮೆಯಾಗಿತ್ತು. ಉಸಿರು ಬೇಕಾದ ಜಾಗದಲ್ಲೇ ನಿಲ್ಲುತ್ತಿತ್ತು. ಇಷ್ಟು ವಯಸ್ಸಾದ ಮೇಲೆ ತಮ್ಮನಿಗೆ ಭಾಷೆ ಒಲಿಯಿತಲ್ಲ ಎಂದು ಅಕ್ಕ ಹಿಗ್ಗಿದಳು. ಮನೆಗೆ ಬಂದವರ ಹತ್ತಿರವೆಲ್ಲ ಅದನ್ನೇ ಹೇಳಿದಳು. ತಮ್ಮ ಮಾತ್ರ ಆಗೆಲ್ಲ ನೀರು ತರುವ ನೆಪ ಮಾಡಿಕೊಂಡು ಒಳಗೆ ಹೋಗುತ್ತಿದ್ದ. ಸಂಕೋಚ, ಪಾಪ, ಎಂದುಕೊಂಡಳು.

ಆ ಮಧ್ಯಾಹ್ನ ಅವನು ಓದಿದ: "ಕಣ್ಣೊಳಿರ್ದು ಎನ್ನೊಡೆಯನಂ..."

ಲಯ ಎಡವಿತು. ಅಕ್ಕ ಕೈಯೆತ್ತಿದಳು. ಇನ್ನೊಮ್ಮೆ ಓದು ಎಂದಳು. ಈ ಸಲ ಅವನು ಅವಸರದಲ್ಲಿ "ಕಣ್ಣೊಳಿರ್ದೆನ್ನೊಡೆಯನಂ" ಎಂದ.

"ಓಲೇಲಿ ಇರೋದು 'ರ್ದೆ' ತಾನೇ?"

"ಹೂಂ ಅಕ್ಕ."

"ಹಂಗಿದ್ಮೇಲೆ ಮೊದಲ್ನೇ ಸಲ 'ರ್ದು' ಅಂತ ಆ ಉಕಾರ ಎಲ್ಲಿಂದ ತಂದ್ಯೋ? ಸಂಧಿ ಅದನ್ನ ನುಂಗಿ ಎಷ್ಟೋ ಕಾಲ ಆಯ್ತಲ್ಲ. ಕಾಣದೇ ಇರೋದನ್ನ ಹೆಂಗೆ ಓದ್ದೆ?"

ಅಕ್ಕ ಮೇಜಿನ ಮೇಲೆ ಕೈಯಾಡಿಸಿದಳು. ನುಣುಪಾದ ದೊಡ್ಡ ಚಿತ್ರದ ಹಾಳೆಗಳು ಸಿಗಲಿಲ್ಲ. ಸಿಕ್ಕಿದ್ದು ರಟ್ಟು ಹಾಕಿದ ಪುಸ್ತಕ, ಹೊಸ ಅಂಟಿನ ವಾಸನೆ ಇನ್ನೂ ಇತ್ತು.

ಆಮೇಲೆ ಎಲ್ಲ ಹೊರಗೆ ಬಂತು. ಅವಳ ಕೆಲಸ ನಿಧಾನವಾಯಿತೆಂದು ಪ್ರಕಟಿಸುವವರು ಬೇರೆ ವಿದ್ವಾಂಸರಿಂದ ಪದ ಬಿಡಿಸುವ ಕೆಲಸ ಮಾಡಿಸಿ ಕಾವ್ಯವನ್ನು ಅಚ್ಚು ಹಾಕಿಸಿದ್ದರು. ಒಂದು ಪ್ರತಿ ಕೊಟ್ಟು, ಓಲೆಯ ಚಿತ್ರಗಳನ್ನು ವಾಪಸು ಕೊಂಡೊಯ್ದಿದ್ದರು. ಅವಳು ಅಂದು ಆಸ್ಪತ್ರೆಗೆ ಹೋಗಿದ್ದಳು. ತಮ್ಮ ಪುಸ್ತಕ ಮುಚ್ಚಿಟ್ಟ. ಅಂದಿನಿಂದ ದಿನಾ ತನ್ನ ಮನೆಯಲ್ಲಿ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು, ಬಿಡಿಸಿ ಅಚ್ಚಾದ ಪದಗಳನ್ನು ಬಾಯಲ್ಲಿ ಮತ್ತೆ ಅಂಟಿಸುವುದನ್ನು ಕಲಿತ. ಅಕ್ಕನಿಗೆ ಬಿಡಿಸುವುದಕ್ಕೆ ಏನಾದರೂ ಇರಲಿ ಎಂದು.

"ಅವಳಿಗೂ ಗೊತ್ತಿತ್ತಾ?" ಎಂದು ಅಕ್ಕ ಕೇಳಿದಳು. ನಿನ್ನೆಯಷ್ಟೇ ತಮ್ಮನ ಹೆಂಡತಿ ಪಕ್ಕದಲ್ಲಿ ಕೂತು, ಕೆಲಸ ಎಲ್ಲಿಗೆ ಬಂತು ಅತ್ತಿಗೆ ಎಂದು ವಿಚಾರಿಸಿದ್ದಳು.

"ನಿನ್ನ ಮಧ್ಯಾಹ್ನಗಳು ಖಾಲಿ ಆಗ್ಬಾರ್ದು ಅಂತ ಮಾಡ್ದೆ ಅಕ್ಕ. ಬೇರೆ ಏನೂ ಇಲ್ಲ."

ಅಕ್ಕನ ಮನಸ್ಸು ಹಿಂದಕ್ಕೆ ಹೋಗಿ ಒಂದು ಕಡೆ ಸಿಕ್ಕಿಕೊಂಡಿತು.

"'ನೀರುವೊಳಗೆ' ಅಂತ ಓದಿದ್ಯಲ್ಲ, ಅದು?"

ಪುಸ್ತಕದಲ್ಲಿ 'ನೀರು ಒಳಗೆ' ಎಂದಿತ್ತು, ತಾನೇ ವಕಾರ ಸೇರಿಸಿ ಅಂಟಿಸಿದೆ ಎಂದು ತಮ್ಮ ನೆಲಕ್ಕೆ ಹೇಳುವಂತೆ ಹೇಳಿದ.

ಓಲೆಯಲ್ಲಿ 'ನೀರೊಳಗೆ' ಎಂದೇ ಇದ್ದಿರಬೇಕು. ಅಂದು ಅಲ್ಲಿ ಬರಬಾರದ ಆ ವಕಾರ ಕೇಳಿ ಅವಳಿಗೆ ಊಟ ರುಚಿಸಿರಲಿಲ್ಲ. ಕೊನೆಗೆ, ಓಲೆಯ ಮೇಲೆ ಕಾವ್ಯವನ್ನು ನಕಲು ಮಾಡಿದ ಲಿಪಿಕಾರನಿಗೆ ಭಾಷೆ ಬಾರದು, ಭಕ್ತಿಯೂ ಸಾಲದು, ಎಂದು ಕಟುವಾಗಿ ಟಿಪ್ಪಣಿ ಬರೆಸಿದ್ದಳು.

"ಅವನು ತಪ್ಪಿಲ್ದೆ ಬರ್ದಿದ್ದ ಕಣೋ. ಎಂದೋ ಮಣ್ಣಾದ ಮನುಷ್ಯ. ನಾನು ಅವನನ್ನ ಬೈದು ಬರೆಸ್ತಾ ಇದ್ರೆ, ತಪ್ಪು ನಿಂದು ಅಂತ ಗೊತ್ತಿದ್ದೂ ನೀನು ಮುದ್ದಾಗಿ ಬರ್ಕೊಂಡ್ಯಲ್ಲ."

ತಮ್ಮ ಅತ್ತ. ಸದ್ದು ಮಾಡದೆ ಅತ್ತರೂ ಅವಳಿಗೆ ಕೇಳಿಸಿತು. ಮುಂಚೆಯಾಗಿದ್ದರೆ ಕೈ ಚಾಚಿ ತಲೆ ಸವರುತ್ತಿದ್ದಳು.

ಪುಸ್ತಕ ಓದು ಎಂದಳು. ಅಂಟಿಸಬೇಡ, ಇದ್ದ ಹಾಗೇ ಓದು. ಅವನು ಓದಿದ. ಒಂದೊಂದು ಪದವೂ ಒಗೆದು ಮಡಿಸಿಟ್ಟ ಬಟ್ಟೆಯಂತೆ ಬೇರೆಬೇರೆಯಾಗಿ ಬಂತು. ಯಾರು ಬಿಡಿಸಿದ್ದರೋ, ಚೆನ್ನಾಗಿಯೇ ಬಿಡಿಸಿದ್ದರು. ಅವಳು ಕೈ ಹಾಕುವ ಜಾಗ ಎಲ್ಲೂ ಉಳಿದಿರಲಿಲ್ಲ.

"ಸಾಕು" ಎಂದಳು.

ನಾಳೆ ಬರಲಾ ಎಂದು ಅವನು ಬಾಗಿಲಲ್ಲಿ ನಿಂತು ಕೇಳಿದ.

"ಬರ್ಬೇಡ ಅನ್ನೋಕೆ ನಂಗೆ ಬಾಯಿ ಬರಲ್ಲ. ಬಾ ಅಂದ್ರೆ, ನೀನು ಏನು ಹೇಳಿದ್ರೂ ಇದನ್ನೂ ಅಂಟಿಸಿ ತಂದಿದ್ದಾನಾ ಅಂತ ಕೇಳ್ತಾ ಕೂರ್ತೀನಿ. ಈಗ ಹೋಗು."

ಅವನು ಹೋದ. ಅಕ್ಕ ದೇವರ ಗೂಡಿನ ಕಡೆ ತಿರುಗಿ ಕೂತಳು. ಹೆಸರು ಗೊತ್ತಿಲ್ಲದ ಆ ಲಿಪಿಕಾರನಿಗಾಗಿ ಕೈ ಮುಗಿದಳು. ತಮ್ಮನಿಗಾಗಿಯೂ ಮುಗಿಯೋಣವೆಂದುಕೊಂಡಳು. ಅಂದು ಆಗಲಿಲ್ಲ.